ಸಮಯ ನಷ್ಟ ಪರಿಹಾರ: ಪ್ರಶ್ನೆಪತ್ರಿಕೆ ತಡವಾದರೆ ಲೆಕ್ಕ ಹೇಗೆ?

ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯ ಮೇಲೆ ‘3 ಗಂಟೆ 15 ನಿಮಿಷ’ ಅಂತ ಇರುತ್ತದೆ. ಇದರಲ್ಲಿ ಬರೆಯುವ ಸಮಯ 3 ಗಂಟೆ ಮಾತ್ರ, ಉಳಿದ 15 ನಿಮಿಷ ಪ್ರಶ್ನೆ ಓದುವುದಕ್ಕೆ. 80 ಅಂಕಕ್ಕೆ 180 ನಿಮಿಷ, ಅಂದರೆ ಅಂಕಕ್ಕೆ ಎರಡೂಕಾಲು ನಿಮಿಷ. ಅಷ್ಟೇ ಅಂಕದ ದ್ವಿತೀಯ ಭಾಷೆಗೆ ಓದುವ ಹೊತ್ತೂ ಸೇರಿ 3 ಗಂಟೆ. ಅವಧಿ ಬರೀ ಅಂಕದ ಮೇಲೆ ನಿಂತಿಲ್ಲ, ಉತ್ತರ ಬರೆಯಲು ಎಷ್ಟು ಹೊತ್ತು ಬೇಕು ಅನ್ನುವುದರ ಮೇಲೂ ನಿಂತಿದೆ.

ಈಗ ಕುಮಟಾದ ಒಂದು ಕೇಂದ್ರವನ್ನು ಊಹಿಸಿಕೊಳ್ಳಿ. ಹತ್ತು ಗಂಟೆಗೆ ಬೆಲ್ ಆಯ್ತು. ಒಂದು ಕೊಠಡಿಗೆ ಮಾತ್ರ ಬೇರೆ ಮಾಧ್ಯಮದ ಪತ್ರಿಕೆಯ ಕಟ್ಟು ಬಂತು. ಅದನ್ನು ಬದಲಿಸುವಷ್ಟರಲ್ಲಿ 10:12. ಸರಿಯಾದ ಲೆಕ್ಕ ಹೀಗೆ: ಓದುವುದು 10:27ರವರೆಗೆ, ಬರೆಯುವುದು 1:27ರವರೆಗೆ. ಎಡವಟ್ಟಾಗುವುದು ಎರಡು ಕಡೆ. ಒಂದು, ‘ಓದುವ ಟೈಮ್ ಅಲ್ವಾ, ಹೋದ್ರೆ ಹೋಗ್ಲಿ’ ಅಂತ ಆ 12 ನಿಮಿಷವನ್ನು ಅಲ್ಲೇ ಮುರಿದುಕೊಳ್ಳುವುದು. ಮಕ್ಕಳು ಯಾವ ಪ್ರಶ್ನೆ ಮೊದಲು, ಯಾವುದು ಬಿಡಬೇಕು ಅಂತ ತೀರ್ಮಾನಿಸುವುದೇ ಆ ಹೊತ್ತಿನಲ್ಲಿ. ಇನ್ನೊಂದು, 1:15ಕ್ಕೆ ಇಡೀ ಶಾಲೆಗೆ ಬೆಲ್ ಹೊಡೆದಾಗ ಗಲಿಬಿಲಿಯಲ್ಲಿ ಆ ಕೊಠಡಿಯ ಉತ್ತರ ಪತ್ರಿಕೆಗಳನ್ನೂ ಎತ್ತಿಕೊಂಡುಬಿಡುವುದು. ಹಾಗಾಗಿ ಪತ್ರಿಕೆ ಕೈಗೆ ಬಂದ ಗಳಿಗೆಯನ್ನು ಕೊಠಡಿ ಮೇಲ್ವಿಚಾರಕರು ಆಗಲೇ ಬರೆದಿಟ್ಟು, ಮುಖ್ಯ ಅಧೀಕ್ಷಕರಿಗೆ ತಿಳಿಸಿ, ಮುಗಿಯುವ ಹೊಸ ಸಮಯವನ್ನು ಬೋರ್ಡಿನ ಮೇಲೆ ಹಾಕಬೇಕು.

ಅವತ್ತೇ ಸಮಯ ಕೊಡದಿದ್ದರೆ ಆಮೇಲೆ ಅಂಕದಲ್ಲಿ ತುಂಬಬೇಕಾಗುತ್ತದೆ. ಅಲ್ಲಿಂದ ಗೋಜಲು ಶುರು. 2024ರ ನೀಟ್‌ನಲ್ಲಿ ಆದದ್ದು ಇದೇ. ಸಮಯ ಕಳೆದುಕೊಂಡ 1563 ಮಂದಿಗೆ ಕೃಪಾಂಕ ಕೊಟ್ಟರು. ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್‌ನ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ಸೂತ್ರವೇ ಅದಕ್ಕೆ ಆಧಾರ. ಅದರ ತಿರುಳು ಇಷ್ಟು: ಸಿಕ್ಕ ಹೊತ್ತಿನಲ್ಲಿ ನೀವು ಹೇಗೆ ಬರೆದಿರೋ, ಕಳೆದುಹೋದ ಹೊತ್ತಿನಲ್ಲೂ ಹಾಗೇ ಬರೆಯುತ್ತಿದ್ದಿರಿ.

ಶಿರಸಿಯ ಹುಡುಗಿಯೊಬ್ಬಳಿಗೆ 2024ರ ನೀಟ್‌ನ 200 ನಿಮಿಷದಲ್ಲಿ 20 ಹೋಯ್ತು ಅಂತಿಟ್ಟುಕೊಳ್ಳಿ. ಉಳಿದ 180 ನಿಮಿಷದಲ್ಲಿ 144 ಪ್ರಶ್ನೆ ಉತ್ತರಿಸಿದಳು, ಮುಕ್ಕಾಲು ಪಾಲು ಸರಿ. ಆ ವೇಗದಲ್ಲಿ 20 ನಿಮಿಷಕ್ಕೆ ಇನ್ನೂ 16 ಪ್ರಶ್ನೆ. 12 ಸರಿ, 4 ತಪ್ಪು. ಸರಿಗೆ 4 ಅಂಕ, ತಪ್ಪಿಗೆ 1 ಕಳೆದರೆ 44 ಅಂಕ ಸೇರುತ್ತದೆ. ಲೆಕ್ಕವೇನೋ ಚೊಕ್ಕ. ಆದರೆ ಅವಳು ಸುಲಭದ್ದನ್ನೆಲ್ಲ ಮೊದಲೇ ಮುಗಿಸಿದ್ದರೆ, ಉಳಿದ ಕಷ್ಟದ ಪ್ರಶ್ನೆಗಳಲ್ಲೂ ಮುಕ್ಕಾಲು ಸರಿ ಬರುತ್ತಿತ್ತೇ?

ಈ ಕೃಪಾಂಕದಿಂದಲೇ 718, 719 ಅಂಕಗಳು ಕಂಡವು. 720ರಲ್ಲಿ ಒಂದು ಪ್ರಶ್ನೆ ಬಿಟ್ಟರೆ 716, ತಪ್ಪಿದರೆ 715. ನಡುವಿನ ಅಂಕ ಬರೆದು ಪಡೆಯಲು ಸಾಧ್ಯವೇ ಇಲ್ಲ. ಗದ್ದಲವಾಗಿ ಜೂನ್ 13ರಂದು ಕೃಪಾಂಕ ರದ್ದಾಯಿತು. ಜೂನ್ 23ರ ಮರುಪರೀಕ್ಷೆಗೆ 813 ಮಂದಿ ಬಂದರು. ಬಾರದವರಿಗೆ ಕೃಪಾಂಕ ಕಳೆದ ಮೂಲ ಅಂಕವೇ ಉಳಿಯಿತು. ಹೋದ ಸಮಯ ಅವರಿಗೆ ಯಾವ ರೂಪದಲ್ಲೂ ವಾಪಸ್ ಬರಲಿಲ್ಲ.