ಮನೆಯಲ್ಲಿ 44, ಕಾಲೇಜಿನಲ್ಲಿ 29: ನಡುವಿನ 15 ಅಂಕ ಎಲ್ಲಿ ಹೋಯಿತು?

ಪಿಯುಸಿ ಪರೀಕ್ಷೆ ಮುಗಿದು ಸಿಇಟಿ ಬರುವವರೆಗಿನ ವಾರಗಳಲ್ಲಿ ನನ್ನ ಬಳಿ ಬರುವ ಮಕ್ಕಳು ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತಾರೆ. "ಮನೆಯಲ್ಲಿ ಎಲ್ಲಾ ಬರತ್ತೆ ಮೇಡಂ, ಹಾಲ್‌ನಲ್ಲಿ ಕೂತ ತಕ್ಷಣ ಬ್ಲ್ಯಾಂಕ್ ಆಗ್ತೀನಿ." ಅಪ್ಪ ಅಮ್ಮ ಪಕ್ಕದಲ್ಲೇ ಕೂತು "ಸುಮ್ನೆ ಟೆನ್ಷನ್ ಮಾಡ್ಕೋತಾಳೆ" ಅನ್ನುತ್ತಾರೆ. ಟೆನ್ಷನ್ ಬೇಡ ಅಂತ ಹೇಳಿದರೆ ಅದು ಹೋಗುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ: ಅಂಕ ಹೋಗಿದ್ದು ನಿಜವಾಗಲೂ ಹೆದರಿಕೆಯಿಂದಲಾ, ಅಥವಾ ಪಾಠ ಬರದೇ ಇದ್ದದ್ದರಿಂದಲಾ? ಎರಡಕ್ಕೂ ಮದ್ದು ಬೇರೆ ಬೇರೆ.

ಇದನ್ನು ತಿಳಿಯಲು ಒಂದು ಸರಳ ದಾರಿ ಇದೆ. ಅಣಕು ಪರೀಕ್ಷೆ ಮುಗಿದ ದಿನ ಸಂಜೆ, ಪುಸ್ತಕ ತೆರೆಯದೆ, ಕೀ ಉತ್ತರ ನೋಡದೆ, ತಪ್ಪಾದ ಮತ್ತು ಬಿಟ್ಟ ಪ್ರಶ್ನೆಗಳನ್ನು ಮಾತ್ರ ಮತ್ತೆ ಮಾಡಬೇಕು. ಯಾವುದು ತಪ್ಪು ಎಂದು ಬೇರೆಯವರು ಗುರುತು ಹಾಕಿ ಕೊಟ್ಟರೆ ಸಾಕು, ಸರಿಯುತ್ತರ ಹೇಳಬಾರದು. ಗಡಿಯಾರ ಬೇಡ. ಒಂದೇ ಷರತ್ತು: ಹೇಗೆ ಬಂತು ಎಂದು ವಿವರಿಸಲು ಆದರೆ ಮಾತ್ರ ಅದು ಸರಿ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಊಹಿಸಿ ಹೊಡೆದದ್ದು ಲೆಕ್ಕಕ್ಕಿಲ್ಲ. ಸಂಜೆ ಸರಿಯಾದ ಪ್ರಶ್ನೆಗಳೆಲ್ಲ ಪರೀಕ್ಷೆಯ ಸ್ಥಿತಿ ನುಂಗಿದ ಅಂಕಗಳು. ಸಂಜೆಯೂ ಬರದೇ ಹೋದವು ಓದಿನ ಬಾಕಿ.

ಒಬ್ಬ ಹುಡುಗಿಯ ಲೆಕ್ಕ ಹೇಳುತ್ತೇನೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಭೌತಶಾಸ್ತ್ರದಲ್ಲಿ ಮನೆಯಲ್ಲಿ ಮಾಡಿದಾಗ 60ಕ್ಕೆ 44 ಬಂದಿತ್ತು. ಕಾಲೇಜಿನಲ್ಲಿ ಅದೇ ಮಟ್ಟದ ಪೇಪರ್ ಕೊಟ್ಟಾಗ 29. ಉಳಿದ 31 ಪ್ರಶ್ನೆಗಳನ್ನು ಸಂಜೆ ಮತ್ತೆ ಮಾಡಿಸಿದಾಗ 13 ಸರಿಯಾದವು. ಅಂದರೆ ಅವಳಿಗೆ ಗೊತ್ತಿದ್ದದ್ದು 42 ಅಂಕದಷ್ಟು. ಆ 13ನ್ನು ಬಿಡಿಸಿ ನೋಡಿದೆವು. ಐದು ಪ್ರಶ್ನೆಗಳನ್ನು ಅವಳು ತಲುಪಿಯೇ ಇರಲಿಲ್ಲ, ಸಮಯ ಮುಗಿದಿತ್ತು. ನಾಲ್ಕರಲ್ಲಿ 'ಅಲ್ಲದ್ದು ಯಾವುದು' ಎಂಬ ಪದವನ್ನೇ ಓದಿರಲಿಲ್ಲ. ಇನ್ನು ನಾಲ್ಕರಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಸರಿಯುತ್ತರಕ್ಕೇ ಗೆರೆ ಎಳೆದಿದ್ದಳು. ಆದರೆ ಓಎಂಆರ್ ಹಾಳೆಯಲ್ಲಿ ಒಂದು ಸಾಲು ಕೆಳಗೆ ಗುಂಡು ತುಂಬಿದ್ದಳು! ಕೊನೆಯ ಎರಡು ನಿಮಿಷದಲ್ಲಿ ಒಟ್ಟಿಗೆ ತುಂಬಿದ್ದರ ಫಲ ಅದು.

ಇಷ್ಟು ಕಂಡ ಮೇಲೆ 'ಹೆದರಿಕೆ' ಅನ್ನುವ ದೊಡ್ಡ ಮೂಟೆ ಮೂರು ಸಣ್ಣ ಗಂಟಾಯಿತು. ಹೆದರಿದಾಗ ಆಗುವುದೂ ಇದೇ. ಎದೆ ಬಡಿತ, ಕೈ ಬೆವರು ಇವು ತಮ್ಮಷ್ಟಕ್ಕೆ ಅಂಥ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಅವುಗಳ ಜೊತೆ ಓಡುವ ಯೋಚನೆ: "ಇದೂ ಬರಲ್ಲ, ರ್‍ಯಾಂಕ್ ಹೋಯ್ತು, ಅಪ್ಪಂಗೆ ಏನು ಹೇಳಲಿ." ಲೆಕ್ಕದ ಎರಡು ಮೂರು ಹಂತಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿರುವ ಜಾಗ ಚಿಕ್ಕದು. ಆ ಜಾಗವನ್ನು ಯೋಚನೆ ಆಕ್ರಮಿಸಿದರೆ ಪ್ರಶ್ನೆಯ ಅರ್ಧ ಓದಿ ಉತ್ತರ ಬರೆಯುತ್ತೇವೆ.

ಮನೆಯಲ್ಲಿ ಇದು ಯಾಕೆ ಆಗಲಿಲ್ಲ? ಮನೆಯಲ್ಲಿ ಅವಳು ಪರೀಕ್ಷೆ ಬರೆದದ್ದು ಮಂಚದ ಮೇಲೆ, ರಾತ್ರಿ, 80 ನಿಮಿಷ ಇಟ್ಟುಕೊಂಡು. ಉತ್ತರಗಳನ್ನು ನೋಟ್‌ಬುಕ್‌ನಲ್ಲಿ ಎ, ಬಿ, ಸಿ ಎಂದು ಬರೆದಿದ್ದಳು. ಹೀಗೆ ಎಷ್ಟು ಪೇಪರ್ ಬಿಡಿಸಿದರೂ ವಿಷಯ ಗಟ್ಟಿಯಾಗಬಹುದು, ಹಾಲ್ ಮಾತ್ರ ಹೊಸದಾಗಿಯೇ ಉಳಿಯುತ್ತದೆ.

ಸಿಇಟಿಯ ನಿಜವಾದ ಸ್ಥಿತಿ ಹೀಗಿದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಬೆಳಗಿನ ಪೇಪರ್ 10.30ರಿಂದ 11.50, ಮಧ್ಯಾಹ್ನದ್ದು 2.30ರಿಂದ 3.50. ನೋಡಲು 80 ನಿಮಿಷ. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಮೂರನೇ ಬೆಲ್ ಆಗುವವರೆಗೆ, ಅಂದರೆ 10.40ರವರೆಗೆ, ಸೀಲ್ ಒಡೆಯುವಂತಿಲ್ಲ. ಉತ್ತರಿಸಲು ಸಿಗುವುದು 70 ನಿಮಿಷ. ಇದನ್ನು ಪತ್ರಿಕೆಯ ಮುಖಪುಟದಲ್ಲೇ ಮುದ್ರಿಸಿರುತ್ತಾರೆ, ಆದರೂ ಎಷ್ಟೋ ಮಕ್ಕಳು ಅದನ್ನು ಮೊದಲ ಬಾರಿ ಓದುವುದು ಹಾಲ್‌ನಲ್ಲೇ. ನಿಮ್ಮ ವರ್ಷದ ಪ್ರವೇಶ ಪತ್ರದ ಸೂಚನೆಗಳನ್ನು ಒಮ್ಮೆ ನೋಡಿಕೊಂಡು ಇವನ್ನು ಖಚಿತ ಮಾಡಿಕೊಳ್ಳಿ.

ಆ ಹತ್ತು ನಿಮಿಷವೇ ನನಗೆ ಮುಖ್ಯ. ಪತ್ರಿಕೆ ಮುಂದೆ ಇದೆ, ತೆರೆಯುವಂತಿಲ್ಲ, ಮಾಡಲು ಕೆಲಸ ಕಡಿಮೆ. ಹೆದರಿಕೆ ಬೆಳೆಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಈ ಹುಡುಗಿಗೂ ಹೆದರಿಕೆ ಏರುತ್ತಿದ್ದದ್ದು ಅಲ್ಲೇ. ಹಾಗಾಗಿ ಆ ಹತ್ತು ನಿಮಿಷಕ್ಕೆ ಒಂದು ಕ್ರಮ ಬರೆದುಕೊಂಡೆವು. ಮೊದಲು ನೋಂದಣಿ ಸಂಖ್ಯೆ, ಪತ್ರಿಕೆಯ ವರ್ಷನ್ ಕೋಡ್ ತುಂಬುವುದು, ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ಎರಡನೇ ಸಲ ನೋಡುವುದು. ಆಮೇಲೆ ಪೆನ್ನು ಕೆಳಗಿಟ್ಟು, ಎರಡೂ ಪಾದ ನೆಲಕ್ಕೆ ಊರಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹತ್ತು ಸಲ ಮಾಡಿದರೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು, ಆಗ ಎದೆ ಬಡಿತ ಇಳಿಯುತ್ತದೆ. ಕೊನೆಗೆ ತನ್ನ ಮೂರು ನಿಯಮ ಮನಸ್ಸಿನಲ್ಲೇ ಹೇಳಿಕೊಳ್ಳುವುದು: ಅರ್ಧ ನಿಮಿಷದಲ್ಲಿ ದಾರಿ ಕಾಣದಿದ್ದರೆ ಸುತ್ತು ಹಾಕಿ ಮುಂದೆ, 'ಅಲ್ಲದ್ದು', 'ತಪ್ಪಾದದ್ದು' ಕಂಡರೆ ಅಡಿಗೆರೆ, ಪುಟ ತಿರುಗಿಸುವ ಮೊದಲು ಆ ಪುಟದ ಗುಂಡು ತುಂಬುವುದು. ಅವಳು ಕಳೆದುಕೊಂಡ 13 ಅಂಕದಿಂದಲೇ ಹುಟ್ಟಿದ ನಿಯಮಗಳಿವು. ನಿಮ್ಮ ಮಗುವಿಗೆ ಬೇರೆಯವು ಬೇಕಾಗಬಹುದು.

ಇದನ್ನು ಓದಿನ ವೇಳಾಪಟ್ಟಿಯೊಳಗೆ ಹಾಕಬೇಕು. ಹೆಚ್ಚಿನವರು ಅಣಕು ಪರೀಕ್ಷೆಯನ್ನು "ಪೋರ್ಷನ್ ಮುಗಿದ ಮೇಲೆ" ಎಂದು ಮುಂದೂಡುತ್ತಾರೆ. ಪೋರ್ಷನ್ ಯಾವತ್ತೂ ಮುಗಿಯುವುದಿಲ್ಲ! ನಾಲ್ಕು ವಾರ ಇದ್ದರೆ ವಾರಕ್ಕೆ ಎರಡು ದಿನ ಮೀಸಲಿಡಿ, ಅದಕ್ಕಿಂತ ಜಾಸ್ತಿ ಬೇಡ. ಅಂದು ಬೆಳಗ್ಗೆ ಪರೀಕ್ಷೆ, ಸಂಜೆ ಆ ಮರುಪ್ರಯತ್ನ. ಬೇರೆ ಓದು ಅಂದು ಕಡಿಮೆಯಾದರೂ ಪರವಾಗಿಲ್ಲ. ದಿನಕ್ಕೊಂದು ಪೇಪರ್ ಬಿಡಿಸಿ ಯಾವುದನ್ನೂ ತಿರುಗಿ ನೋಡದ ಮಕ್ಕಳ ಅಂಕ ಇದ್ದಲ್ಲೇ ಇರುತ್ತದೆ, ಸುಸ್ತು ಮಾತ್ರ ಏರುತ್ತದೆ.

ಕಷ್ಟವನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬೇಕು. ಮೊದಲ ವಾರ ಮನೆಯಲ್ಲೇ, ಆದರೆ ಮೇಜು ಕುರ್ಚಿಯಲ್ಲಿ, 70 ನಿಮಿಷ, ಜೆರಾಕ್ಸ್ ಮಾಡಿಸಿದ ಓಎಂಆರ್ ಹಾಳೆ, ಬಾಲ್‌ಪೆನ್. ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಕೀ ಉತ್ತರ ಸಿಗುತ್ತವೆ. ಮೊಬೈಲ್‌ನಲ್ಲಿ ನೋಡಿ ಮಾಡಬೇಡಿ, ಪ್ರಿಂಟ್ ತೆಗೆಸಿ. ಎರಡನೇ ವಾರ ಸರಿಯಾಗಿ 10.30ಕ್ಕೆ ಶುರು, ಆ ಹತ್ತು ನಿಮಿಷದ ಕಾಯುವಿಕೆಯನ್ನೂ ಸೇರಿಸಿ. ಕೈಗಡಿಯಾರ ಬಿಚ್ಚಿಡಿ, ಗೋಡೆ ಗಡಿಯಾರ ನೋಡಿ ಅಭ್ಯಾಸವಾಗಲಿ. ಮೂರನೇ ವಾರ ಜಾಗ ಬದಲಿಸಿ. ಊರಿನ ಗ್ರಂಥಾಲಯ, ಟ್ಯೂಷನ್ ಸೆಂಟರ್‌ನ ಖಾಲಿ ಕೋಣೆ, ಗೆಳತಿಯ ಮನೆ, ಯಾವುದಾದರೂ ಸರಿ. ಪಕ್ಕದಲ್ಲಿ ಇನ್ನೂ ಇಬ್ಬರು ಬರೆಯುತ್ತಿರಬೇಕು, ಒಬ್ಬ ದೊಡ್ಡವರು ಓಡಾಡುತ್ತಾ ನಡುವೆ ಬಂದು ಸಹಿ ಕೇಳಬೇಕು. ಈ ಹುಡುಗಿಯ ಸೋದರತ್ತೆ ಆ ಕೆಲಸ ಬಹಳ ಶಿಸ್ತಿನಿಂದ ಮಾಡಿದರು, ಬೆಲ್ ಬದಲು ಸ್ಟೀಲ್ ಲೋಟ ಬಡಿಯುತ್ತಿದ್ದರಂತೆ.

ಮೂರನೇ ವಾರದ ಪೇಪರ್‌ನಲ್ಲಿ ನಾನು ಇನ್ನೊಂದು ಸೇರಿಸುತ್ತೇನೆ: ಎಲ್ಲೂ ಓದಿರದ ನಾಲ್ಕೈದು ಪ್ರಶ್ನೆ, ಅದೂ ಶುರುವಿನಲ್ಲೇ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಆದರೆ ಹಾಲ್‌ನಲ್ಲಿ ಕೂತವರಿಗೆ ಅದು ಗೊತ್ತಿರಲಿಲ್ಲವಲ್ಲ. ಅಪರಿಚಿತ ಪ್ರಶ್ನೆ ಕಂಡಾಗ ಸುತ್ತು ಹಾಕಿ ಮುಂದೆ ಹೋಗುವುದು ಕೂಡ ಕೈಗೆ ಅಭ್ಯಾಸವಾಗಬೇಕು. ಕೊನೆಯ ಮೂರು ನಿಮಿಷದಲ್ಲಿ ಉಳಿದ ಎಲ್ಲಕ್ಕೂ ಏನಾದರೂ ಒಂದು ತುಂಬುವುದು, ಖಾಲಿ ಬಿಟ್ಟರೆ ನಷ್ಟವೇ.

ನಾಲ್ಕನೇ ವಾರ ಪೂರ್ತಿ ದಿನದ ಅಭ್ಯಾಸ, ಬೆಳಗ್ಗೆ ಒಂದು ಪೇಪರ್, ಮಧ್ಯಾಹ್ನ ಇನ್ನೊಂದು. ಮಧ್ಯದ ಎರಡು ಗಂಟೆ ನಲವತ್ತು ನಿಮಿಷವನ್ನು ಯಾರೂ ಅಭ್ಯಾಸ ಮಾಡುವುದಿಲ್ಲ, ಮಧ್ಯಾಹ್ನದ ಪೇಪರ್ ಹಾಳಾಗುವುದು ಬಹಳ ಸಲ ಅಲ್ಲೇ. ಕೇಂದ್ರದ ಮರದಡಿ ಗುಂಪು ಸೇರುತ್ತದೆ, "ಹದಿನೇಳನೇದಕ್ಕೆ ನಿಂಗೆ ಏನ್ ಬಂತು?" ಅಂತ ಶುರುವಾಗುತ್ತದೆ. ಬೇರೆ ವರ್ಷನ್‌ನಲ್ಲಿ ಹದಿನೇಳನೇ ಪ್ರಶ್ನೆಯೇ ಬೇರೆ, ಆದರೂ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಹೊರಗೆ ಬಂದ ಕೂಡಲೇ ಎಲ್ಲಿ ಕೂರುವುದು, ಯಾರ ಜೊತೆ, ಏನು ತಿನ್ನುವುದು ಎಲ್ಲ ಮೊದಲೇ ಗೊತ್ತಿರಲಿ. ಈ ಹುಡುಗಿ ಮೊದಲ ಪೂರ್ತಿ ದಿನ ಡಬ್ಬಿ ತುಂಬ ಮೊಸರನ್ನ ಖಾಲಿ ಮಾಡಿ 2.45ಕ್ಕೆ ತೂಕಡಿಸುತ್ತಿದ್ದಳು. ಎರಡನೇ ಸಲ ಅರ್ಧ ಡಬ್ಬಿ ಚಿತ್ರಾನ್ನ, ಒಂದು ಬಾಳೆಹಣ್ಣು, ಹತ್ತು ನಿಮಿಷ ನಡಿಗೆ, ಒಂದು ಪುಟದ ಸೂತ್ರಗಳು. ಅದೇ ಖಾಯಂ ಆಯಿತು.

ಪ್ರತಿ ಅಣಕು ಪರೀಕ್ಷೆಯಲ್ಲೂ ಮೂರು ಸಲ ಹೆದರಿಕೆಗೆ 0ಯಿಂದ 10ರೊಳಗೆ ಒಂದು ಅಂಕಿ ಬರೆದಿಡಲು ಹೇಳುತ್ತೇನೆ: ಸೀಲ್ ಒಡೆಯುವ ಮೊದಲು, ಇಪ್ಪತ್ತನೇ ನಿಮಿಷಕ್ಕೆ, ಮುಗಿದಾಗ. ಅವಳದ್ದು ಶುರುವಿನಲ್ಲಿ 8, ಇಪ್ಪತ್ತನೇ ನಿಮಿಷಕ್ಕೂ 8. ನಾಲ್ಕನೇ ವಾರದಲ್ಲಿ ಶುರುವಿನ ಅಂಕಿ ಇನ್ನೂ 7 ಇತ್ತು, ಇಪ್ಪತ್ತನೇ ನಿಮಿಷಕ್ಕೆ 4. ನೋಡಬೇಕಾದದ್ದು ಈ ಇಳಿತವನ್ನು. ಶುರುವಿನ ಅಂಕಿ ಸೊನ್ನೆಯಾಗಲಿ ಎಂದು ಕಾಯಬೇಡಿ, ಆಗುವುದೂ ಇಲ್ಲ. ಆ ವಾರ ಅವಳಿಗೆ 38 ಬಂತು, ಸಂಜೆ ಮತ್ತೆ ಮಾಡಿದಾಗ ಹೆಚ್ಚುವರಿ ಸರಿಯಾದದ್ದು ಐದು ಮಾತ್ರ. ಅಂದರೆ ಇನ್ನು ಮುಂದೆ ಅಂಕ ಏರಬೇಕಾದರೆ ದಾರಿ ಓದು. ಉಳಿದ ದಿನಗಳಲ್ಲಿ ಅಣಕು ಪರೀಕ್ಷೆ ಕಡಿಮೆ ಮಾಡಿ, ಅಧ್ಯಾಯಗಳಿಗೆ ಮರಳಿದೆವು.

ಬೆಳಗ್ಗೆ ಹೊರಡುವ ಮೊದಲು ಮನಸ್ಸಿನ ಭಯವನ್ನೆಲ್ಲ ಹತ್ತು ನಿಮಿಷ ಹಾಳೆಯ ಮೇಲೆ ಬರೆಯುವ ವಿಧಾನದ ಬಗ್ಗೆ ಮಕ್ಕಳು ಕೇಳುತ್ತಾರೆ. 2011ರ ಒಂದು ಅಧ್ಯಯನದಲ್ಲಿ ಇದರಿಂದ ಅಂಕ ಸುಧಾರಿಸಿತ್ತು, ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ನನ್ನ ಸಲಹೆ: ಎರಡು ಅಣಕು ಪರೀಕ್ಷೆಯಲ್ಲಿ ಮಾಡಿ ನೋಡಿ, ನಿಮಗೆ ಹಗುರವೆನಿಸಿದರೆ ಇಟ್ಟುಕೊಳ್ಳಿ. ಅಭ್ಯಾಸದಲ್ಲಿ ಮಾಡದ ಯಾವುದನ್ನೂ ಪರೀಕ್ಷೆಯ ದಿನ ಮೊದಲ ಬಾರಿ ಮಾಡಬೇಡಿ, ಕಾಫಿ ಕೂಡ.

ಇದಕ್ಕೆ ಮಿತಿಯೂ ಇದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಪರೀಕ್ಷೆ ಅಂದರೆ ವಾಂತಿಯಾದರೆ, ಉಸಿರು ಕಟ್ಟಿದಂತಾಗಿ ಎದ್ದು ಹೋಗುತ್ತಿದ್ದರೆ ಅಣಕು ಪರೀಕ್ಷೆ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಪೂರ್ತಿ ದಿನದ ಅಭ್ಯಾಸ ಪರೀಕ್ಷೆಗೆ ನಾಲ್ಕೈದು ದಿನ ಮೊದಲೇ ಮುಗಿದಿರಲಿ. ಹಿಂದಿನ ದಿನ ಹೊಸ ಪೇಪರ್ ಮುಟ್ಟಬೇಡಿ. ಅಲ್ಲಿ ಐದು ಪ್ರಶ್ನೆ ಬರದಿದ್ದರೆ ಸರಿಮಾಡಲು ಸಮಯವಿಲ್ಲ, ನಿದ್ದೆ ಕೆಡಿಸಲು ಮಾತ್ರ ಸಾಕಷ್ಟು ಸಮಯವಿದೆ. ಬದಲಿಗೆ ಪರೀಕ್ಷೆಯ ದಿನ ಹೋಗುವ ಬಸ್ಸಿನಲ್ಲೇ, ಅದೇ ಹೊತ್ತಿಗೆ, ಒಮ್ಮೆ ಕೇಂದ್ರದ ಗೇಟಿನವರೆಗೆ ಹೋಗಿ ಬನ್ನಿ, ಮಧ್ಯಾಹ್ನ ಊಟಕ್ಕೆ ನೆರಳು ಎಲ್ಲಿದೆ ಅಂತಲೂ ನೋಡಿಕೊಳ್ಳಿ.