ಬೆಟ್ಟದ ಬುಡದ ಕಲ್ಲುರಾಶಿ: ಸ್ಕ್ರೀ ಪ್ಲಾಟ್ ಹುಟ್ಟಿದ್ದು ಹೇಗೆ, ಓದುವುದು ಹೇಗೆ

ಪಿಸಿಎ ಅಂದರೆ ಹಲವು ಅಳತೆಗಳ ಡೇಟಾವನ್ನು ಕೆಲವೇ ಅಳತೆಗಳಿಗೆ ಇಳಿಸುವ ವಿಧಾನ. ಅದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು ಅಂತ ನೋಡಲು ಬಳಸುವ ಚಿತ್ರವೇ ಸ್ಕ್ರೀ ಪ್ಲಾಟ್. ಪಿಸಿಎ ಕಲಿಯಲು ಬಂದವರಲ್ಲಿ ಹಲವರು ಇದನ್ನು ‘ಸ್ಕ್ರೀನ್ ಪ್ಲಾಟ್’ ಅಂತ ಬರೆದುಕೊಳ್ಳುತ್ತಾರೆ. ಕೊನೆಯ ಅಕ್ಷರ ಬಿಟ್ಟುಹೋಗಿರಬೇಕು ಅಂದುಕೊಳ್ಳುತ್ತಾರೆ. ಆದರೆ ಹೆಸರು ಸ್ಕ್ರೀ ಅಂತಲೇ. ಕಡಿದಾದ ಬೆಟ್ಟದಿಂದ ಒಡೆದು ಉರುಳಿದ ಕಲ್ಲುಗಳು ಬುಡದಲ್ಲಿ ಇಳಿಜಾರಾಗಿ ರಾಶಿ ಬಿದ್ದಿರುತ್ತವಲ್ಲ, ಆ ರಾಶಿಗೆ ಇಂಗ್ಲಿಷಿನಲ್ಲಿ ಸ್ಕ್ರೀ ಅನ್ನುತ್ತಾರೆ. ಈ ಹೆಸರನ್ನು ಸರಿಯಾಗಿ ಹಿಡಿದುಕೊಂಡರೆ ಚಿತ್ರವನ್ನು ಓದುವ ಕ್ರಮವೇ ಬದಲಾಗುತ್ತದೆ.

ಪಿಸಿಎಯ ಬೇರು 1901ರಲ್ಲಿದೆ. ಚುಕ್ಕಿಗಳ ಗುಂಪಿನ ನಡುವೆ ಅತಿ ಹತ್ತಿರವಾಗಿ ಹಾದುಹೋಗುವ ಗೆರೆ ಯಾವುದು ಅಂತ ಕಾರ್ಲ್ ಪಿಯರ್ಸನ್ ಆಗ ಕೇಳಿದ್ದರು. 1933ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಅದಕ್ಕೆ ಇವತ್ತಿನ ರೂಪ, ಇವತ್ತಿನ ಹೆಸರು ಕೊಟ್ಟರು. ಹತ್ತು ಅಳತೆಗಳಿದ್ದರೆ ಅವನ್ನೇ ಬೆರೆಸಿ ಮಾಡಿದ ಹತ್ತು ಹೊಸ ಅಳತೆಗಳು, ಅಂದರೆ ಹತ್ತು ಕಾಂಪೊನೆಂಟ್ ಸಿಗುತ್ತವೆ. ಮೊದಲನೆಯದು ಡೇಟಾದ ಏರಿಳಿತದಲ್ಲಿ ದೊಡ್ಡ ಪಾಲನ್ನು ಹಿಡಿಯುತ್ತದೆ, ಮುಂದಿನವು ಕಡಿಮೆ ಕಡಿಮೆ ಹಿಡಿಯುತ್ತವೆ. ಯಾವುದು ಎಷ್ಟು ಹಿಡಿಯಿತು ಅನ್ನುವ ಸಂಖ್ಯೆಯೇ ಐಗನ್‌ವ್ಯಾಲ್ಯೂ.

ಕೈಲೆಕ್ಕದ ಕಾಲದಲ್ಲಿ ಒಂದೊಂದು ಕಾಂಪೊನೆಂಟ್ ತೆಗೆಯುವುದೂ ಬಹಳ ಶ್ರಮದ ಕೆಲಸವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಎಲ್ಲವೂ ಒಟ್ಟಿಗೆ ಸಿಗತೊಡಗಿದವು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಆಗ ದೊಡ್ಡ ಪ್ರಶ್ನೆಯಾಯಿತು. 1960ರಲ್ಲಿ ಹೆನ್ರಿ ಕೈಸರ್ ಸುಲಭದ ಉತ್ತರ ಕೊಟ್ಟರು: ಐಗನ್‌ವ್ಯಾಲ್ಯೂ 1ಕ್ಕಿಂತ ಜಾಸ್ತಿ ಇದ್ದರೆ ಇಟ್ಟುಕೊಳ್ಳಿ. ಎಲ್ಲ ಅಳತೆಗಳನ್ನೂ ಒಂದೇ ಸ್ಕೇಲಿಗೆ ತಂದಾಗ ಪ್ರತಿ ಅಳತೆಯ ಏರಿಳಿತ, ಅಂದರೆ ವೇರಿಯನ್ಸ್, 1 ಆಗುತ್ತದೆ. ಒಂದು ಅಳತೆಯಷ್ಟೂ ಹಿಡಿಯದ ಕಾಂಪೊನೆಂಟ್ ಯಾಕೆ ಬೇಕು ಅನ್ನುವುದು ಅವರ ವಾದ. ತೊಡಕು ಏನೆಂದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಕಿಗಳನ್ನು ತುಂಬಿ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅರ್ಧದಷ್ಟು ಐಗನ್‌ವ್ಯಾಲ್ಯೂಗಳು 1ನ್ನು ದಾಟುತ್ತವೆ.

1966ರಲ್ಲಿ ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟಲ್ ಬೇರೆ ದಾರಿ ತೋರಿಸಿದರು. ಅವರು ಇಂಗ್ಲೆಂಡಿನ ಡೆವನ್‌ನಲ್ಲಿ ಬೆಳೆದವರು, ಆಗ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದರು. ಐಗನ್‌ವ್ಯಾಲ್ಯೂಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಗ್ರಾಫಿನಲ್ಲಿ ಹಾಕಿ ಅಂದರು. ಎಡಗಡೆ ಕಡಿದಾದ ಬಂಡೆ ಕಾಣುತ್ತದೆ. ಬಲಗಡೆ ಹೆಚ್ಚುಕಡಿಮೆ ನೇರವಾಗಿ, ನಿಧಾನವಾಗಿ ಇಳಿಯುವ ಸಾಲು ಕಾಣುತ್ತದೆ. ಆ ಸಾಲೇ ಕಲ್ಲುರಾಶಿ, ಅಂದರೆ ಚಿಕ್ಕಪುಟ್ಟ ಏರುಪೇರು, ಅಳತೆಯ ತಪ್ಪು. ಬೆಟ್ಟ ಬೇಕಾದರೆ ರಾಶಿಯನ್ನು ಬಿಡಬೇಕು.

ಇವತ್ತು ಬಹಳ ಕಡೆ ಇದನ್ನು ಮೇಲಿನಿಂದ ಓದಲು ಹೇಳಿಕೊಡುತ್ತಾರೆ: ಗೆರೆ ಎಲ್ಲಿ ಮೊಣಕೈ ತರ ಬಾಗಿದೆ ನೋಡಿ, ಅಲ್ಲಿ ನಿಲ್ಲಿಸಿ. ಕ್ಯಾಟಲ್ ಶುರು ಮಾಡಿದ್ದು ಕೆಳಗಿನಿಂದ. ಬಲತುದಿಯ ಚುಕ್ಕಿಗಳ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಎಡಕ್ಕೆ ಬನ್ನಿ. ಯಾವ ಚುಕ್ಕಿ ಪಟ್ಟಿಯಿಂದ ಮೇಲೆದ್ದು ನಿಲ್ಲುತ್ತದೋ ಅಲ್ಲಿಂದ ಬೆಟ್ಟ. ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ಒಂದು ಉದಾಹರಣೆ ಮಾಡಿ ನೋಡೋಣ.

ಆರ್ ಭಾಷೆಯ ಜೊತೆಗೇ `mtcars` ಅನ್ನುವ ಡೇಟಾ ಬರುತ್ತದೆ. ಅದರಲ್ಲಿ 32 ಕಾರು, 11 ಅಳತೆ ಇವೆ: ಮೈಲೇಜು, ತೂಕ, ಸಿಲಿಂಡರ್, ಗೇರು ಇತ್ಯಾದಿ.

```r
p <- prcomp(mtcars, scale. = TRUE)
p$sdev^2
screeplot(p, npcs = 11, type = "lines")
```

ಇಲ್ಲಿ ಎರಡು ಕಡೆ ಎಚ್ಚರ ಬೇಕು. `scale. = TRUE` ಬಿಟ್ಟರೆ ಮೊದಲ ಕಾಂಪೊನೆಂಟೇ ಸುಮಾರು 93% ಹಿಡಿದಂತೆ ಕಾಣುತ್ತದೆ. ಅದಕ್ಕೆ ಕಾರಣ ಇಷ್ಟೇ: ಎಂಜಿನ್ ಗಾತ್ರ, ಹಾರ್ಸ್‌ಪವರ್ ನೂರರ ಲೆಕ್ಕದಲ್ಲಿವೆ, ಉಳಿದವು ಚಿಕ್ಕ ಅಂಕಿಗಳು. ಇನ್ನೊಂದು, `npcs` ಕೊಡದಿದ್ದರೆ ಈ ಚಿತ್ರ ಮೊದಲ 10ನ್ನು ಮಾತ್ರ ತೋರಿಸುತ್ತದೆ. 11 ಅಳತೆ ಇದ್ದಾಗ ಒಂದು ಕಲ್ಲು ಕಾಣೆಯಾದರೆ ನಷ್ಟವಿಲ್ಲ. 60 ಅಳತೆ ಇದ್ದರೆ ಕಲ್ಲುರಾಶಿ ಪೂರ್ತಿ ಕಣ್ಮರೆಯಾಗಿ ಬಂಡೆ ಮಾತ್ರ ಉಳಿಯಬಹುದು. ಆಗ ಪಟ್ಟಿ ಇಡಲು ಜಾಗವೇ ಇರುವುದಿಲ್ಲ.

ಬರುವ ಸಂಖ್ಯೆಗಳು ಸುಮಾರಾಗಿ ಹೀಗಿವೆ: 6.61, 2.65, 0.63, 0.27, 0.22, 0.21, 0.14, 0.12, 0.08, 0.05, 0.02. ಮೊದಲನೆಯದು ಕಾರಿನ ಗಾತ್ರ: ಎಂಜಿನ್ ದೊಡ್ಡದು, ತೂಕ ಜಾಸ್ತಿ, ಮೈಲೇಜು ಕಡಿಮೆ. ಎರಡನೆಯದರಲ್ಲಿ ಗೇರುಗಳ ಸಂಖ್ಯೆ ಒಂದು ಕಡೆ, ಕಾಲು ಮೈಲಿ ಓಡಲು ಹಿಡಿಯುವ ಸಮಯ ಇನ್ನೊಂದು ಕಡೆ ನಿಲ್ಲುತ್ತವೆ.

ಈಗ ಎಷ್ಟು ಇಟ್ಟುಕೊಳ್ಳುವುದು? ಮೇಲಿನಿಂದ ನೋಡಿದರೆ ಗೆರೆ ಮೂರನೆಯ ಚುಕ್ಕಿಯಲ್ಲಿ ಬಾಗುತ್ತದೆ. ಅದರ ಹಿಂದಿನ ಎರಡು ಸಾಕು ಅನ್ನಿಸುತ್ತದೆ. ಕೈಸರ್ ನಿಯಮವೂ 2 ಅನ್ನುತ್ತದೆ. ಕೆಳಗಿನಿಂದ ಬನ್ನಿ. ನಾಲ್ಕರಿಂದ ಹನ್ನೊಂದರವರೆಗಿನ ಚುಕ್ಕಿಗಳು ಒಂದು ಪಟ್ಟಿಗೆ ಚೆನ್ನಾಗಿ ಹೊಂದುತ್ತವೆ, ಹೆಜ್ಜೆಗೆ ಸುಮಾರು 0.035ರಷ್ಟು ಇಳಿಯುತ್ತಾ ಹೋಗುತ್ತವೆ. ಅದೇ ಪಟ್ಟಿಯನ್ನು ಮೂರನೆಯ ಜಾಗಕ್ಕೆ ಎಳೆದರೆ 0.3ರ ಹತ್ತಿರ ಬರಬೇಕು. ಅಲ್ಲಿರುವುದು 0.63. ಎರಡರಷ್ಟು ಎತ್ತರ! ಅಂದರೆ ಅದು ರಾಶಿಯ ಕಲ್ಲಲ್ಲ, 3 ಇಟ್ಟುಕೊಳ್ಳಬೇಕು. ಇನ್ನೂ ಒಂದು ಮಾತಿದೆ. ನೇರ ಸಾಲಿನ ಮೊದಲ ಚುಕ್ಕಿಯನ್ನೂ ಸೇರಿಸಿಕೊಳ್ಳಬೇಕು ಅನ್ನುವುದು 1966ರ ಲೇಖನದ ನಿಯಮ. ಅದನ್ನು ಪಾಲಿಸಿದರೆ 4. ಈಗಿನವರು ಹೆಚ್ಚಾಗಿ ಆ ಚುಕ್ಕಿಯನ್ನು ಬಿಟ್ಟುಬಿಡುತ್ತಾರೆ.

ಒಂದೇ ಚಿತ್ರ, ಮೂರು ಉತ್ತರ. ಈ ವಿಧಾನದ ಮೇಲಿರುವ ಹಳೆಯ ದೂರು ಇದೇ. ಚಿತ್ರವನ್ನು ಅಗಲಕ್ಕೆ ಎಳೆದರೆ ಬಾಗು ಮೆತ್ತಗಾಗುತ್ತದೆ, ಎತ್ತರಕ್ಕೆ ಎಳೆದರೆ ಚೂಪಾಗುತ್ತದೆ. ಇಲ್ಲಂತೂ 6.61 ಅಷ್ಟು ಮೇಲಿರುವುದರಿಂದ ಕೆಳಗಿನ ಎಂಟು ಚುಕ್ಕಿಗಳು ನೆಲಕ್ಕೆ ಅಂಟಿದಂತೆ ಕಾಣುತ್ತವೆ. ಹಾಗಾಗಿ ಮೊದಲ ಎರಡನ್ನು ಬಿಟ್ಟು ಉಳಿದವನ್ನೇ ಇನ್ನೊಮ್ಮೆ ದೊಡ್ಡದಾಗಿ ಬರೆದು ನೋಡುವುದು ಒಳ್ಳೆಯದು. ಮೂರನೆಯದು ಮೇಲೆದ್ದಿರುವುದು ಆಗ ಸ್ಪಷ್ಟವಾಗುತ್ತದೆ.

ಈ ಜಗಳಕ್ಕೆ ಬೇಕಾದ ಮದ್ದು ಕ್ಯಾಟಲ್ ಅವರ ಲೇಖನಕ್ಕೆ ಒಂದು ವರ್ಷ ಮೊದಲೇ ಬಂದಿತ್ತು. 1965ರಲ್ಲಿ ಅವರ ಶಿಷ್ಯರೇ ಆಗಿದ್ದ ಜಾನ್ ಹಾರ್ನ್ ಸಮಾನಾಂತರ ವಿಶ್ಲೇಷಣೆಯನ್ನು ಮುಂದಿಟ್ಟರು. ನಿಮ್ಮ ಡೇಟಾ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಅಡ್ಡಾದಿಡ್ಡಿ ಅಂಕಿಗಳ ಟೇಬಲ್ ಮಾಡಿ, ಅದರ ಐಗನ್‌ವ್ಯಾಲ್ಯೂ ತೆಗೆಯಿರಿ, ಹಲವು ಸಲ ಮಾಡಿ ಸರಾಸರಿ ಹಿಡಿಯಿರಿ. ಬೆಟ್ಟವೇ ಇಲ್ಲದ ಕಡೆಯೂ ಕಲ್ಲುರಾಶಿ ಎಷ್ಟು ಎತ್ತರ ಏಳುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

```r
r <- replicate(1000, prcomp(
  matrix(rnorm(32 * 11), 32), scale. = TRUE)$sdev^2)
lines(rowMeans(r), lty = 2)
```

1986ರಲ್ಲಿ ಜ್ವಿಕ್ ಮತ್ತು ವೆಲಿಸರ್, ಸರಿಯಾದ ಸಂಖ್ಯೆ ಮೊದಲೇ ಗೊತ್ತಿದ್ದ ಕೃತಕ ಡೇಟಾದ ಮೇಲೆ ಈ ವಿಧಾನಗಳನ್ನೆಲ್ಲ ಓಡಿಸಿ ನೋಡಿದರು. ಕೈಸರ್ ನಿಯಮ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಇಟ್ಟುಕೊಂಡಿತು. ಸ್ಕ್ರೀ ಪ್ಲಾಟ್ ಅದಕ್ಕಿಂತ ಎಷ್ಟೋ ವಾಸಿ, ಆದರೆ ನೋಡುವವರಿಂದ ನೋಡುವವರಿಗೆ ಉತ್ತರ ಬದಲಾಯಿತು. ಹಾರ್ನ್ ಅವರದು ಅತ್ಯಂತ ನಿಖರ ವಿಧಾನಗಳ ಸಾಲಿನಲ್ಲಿ ನಿಂತಿತು.

ನಮ್ಮ ಕಾರುಗಳ ಚಿತ್ರದಲ್ಲಿ ಅಡ್ಡಾದಿಡ್ಡಿ ಅಂಕಿಗಳ ಸರಾಸರಿ ತೋರಿಸುವ ಚುಕ್ಕೆಗೆರೆ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೂರನೆಯ ಜಾಗದಲ್ಲೂ ಅದು 1ಕ್ಕಿಂತ ಮೇಲೆಯೇ ಇರುತ್ತದೆ. ನಮ್ಮ 2.65 ಅದಕ್ಕಿಂತ ಮೇಲೆ, 0.63 ಅದಕ್ಕಿಂತ ಕೆಳಗೆ. ಎರಡು ಗೆರೆಗಳು 2 ಮತ್ತು 3ರ ನಡುವೆ ಒಂದನ್ನೊಂದು ದಾಟುತ್ತವೆ. ಉತ್ತರ 2.

ಹಾಗಂತ ಮೂರನೆಯದನ್ನು ಸುಮ್ನೆ ಎಸೆಯಲು ನನಗೆ ಮನಸ್ಸಿಲ್ಲ. ಒಟ್ಟು 11ರಲ್ಲಿ ಮೊದಲನೆಯದೇ 6.61 ತೆಗೆದುಕೊಂಡಿದೆ, ಉಳಿದ ಹತ್ತಕ್ಕೆ ಸಿಗುವುದು 4.39 ಮಾತ್ರ. ಪೂರ್ತಿ 11ನ್ನು ಹಂಚಿಕೊಂಡ ಅಂಕಿಗಳ ಜೊತೆ ಅದನ್ನು ಹೋಲಿಸುವುದು ಮೂರನೆಯದರ ಪಾಲಿಗೆ ಸ್ವಲ್ಪ ಕಠಿಣವೇ. ಅದಕ್ಕೆ ನಾನು 32 ಕಾರುಗಳಲ್ಲಿ ಕೆಲವನ್ನು ಬಿಟ್ಟು ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ. ಪ್ರತಿ ಸಲವೂ ಅದೇ ಅಳತೆಗಳು ಅದೇ ದಿಕ್ಕಿನಲ್ಲಿ ಅದರೊಳಗೆ ಕೂತರೆ ಮೂರನೆಯದನ್ನೂ ಉಳಿಸಿಕೊಳ್ಳುತ್ತೇನೆ. ಕಾರು ಬದಲಾದಂತೆ ಅದರ ಮುಖವೂ ಬದಲಾಗುತ್ತಿದ್ದರೆ ಎರಡಕ್ಕೇ ನಿಲ್ಲಿಸುತ್ತೇನೆ.