ಒಂದೇ ಹಾಡಿನೊಳಗೆ ನಾಲ್ಕು ಹಾಡು: ಕೆ-ಪಾಪ್ ರಚನೆಯ ಕುರಿತು ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳು ಕೇಳುವ ಕೆ-ಪಾಪ್ ಹಾಡುಗಳು ನನಗೆ ಒಂದು ಹಾಡಿನಂತೆ ಕೇಳಿಸುವುದಿಲ್ಲ. ರ‍್ಯಾಪ್ ನಡೆಯುತ್ತಿರುವಾಗಲೇ ಇದ್ದಕ್ಕಿದ್ದಂತೆ ಇಂಪಾದ ಗಾಯನ ಬರುತ್ತದೆ, ಅದರ ಬೆನ್ನಿಗೇ ಕುಣಿತದ ಸಂಗೀತ ಶುರುವಾಗುತ್ತದೆ. ಇಷ್ಟಾದರೂ ಒಂದು ಸಾಲು ಮಾತ್ರ ದಿನವಿಡೀ ಬಾಯಲ್ಲೇ ಉಳಿದುಬಿಡುತ್ತದೆ. ಈ ಹಾಡುಗಳನ್ನು ಹೇಗೆ ಕಟ್ಟುತ್ತಾರೆ?

ಉತ್ತರ: ನೀವು ಗಮನಿಸಿದ ಎರಡು ಸಂಗತಿಗಳು, ಅಂದರೆ ಹಾಡು ಚೂರುಚೂರಾಗಿ ಕೇಳಿಸುವುದು ಮತ್ತು ಒಂದು ಸಾಲು ಮಾತ್ರ ಗಟ್ಟಿಯಾಗಿ ಉಳಿಯುವುದು, ಒಂದನ್ನೊಂದು ಅವಲಂಬಿಸಿವೆ. ಆ ಸಾಲಿನ ಬಲವಿರುವುದರಿಂದಲೇ ಉಳಿದ ಭಾಗಗಳು ಅಷ್ಟು ದೂರ ಅಲೆದಾಡಲು ಸಾಧ್ಯವಾಗುತ್ತದೆ. ಇದನ್ನು ತಿಳಿಯಲು ಒಂದೇ ತಂಡದ ಎರಡು ಹಾಡುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಗರ್ಲ್ಸ್ ಜನರೇಷನ್ ಎಂಬ, ಆಗ ಒಂಬತ್ತು ಹುಡುಗಿಯರಿದ್ದ ತಂಡವು 2009ರ ಜನವರಿಯಲ್ಲಿ ‘ಜೀ’ ಎಂಬ ಹಾಡನ್ನೂ 2013ರ ಜನವರಿ 1ರಂದು ‘ಐ ಗಾಟ್ ಎ ಬಾಯ್’ ಎಂಬ ಹಾಡನ್ನೂ ಬಿಡುಗಡೆ ಮಾಡಿತು. ಮೊದಲನೆಯದರಲ್ಲಿ ನೀವು ಹೇಳುವ ಆ ಒಂದು ಸಾಲಿನ ಕೆಲಸ ಶುದ್ಧರೂಪದಲ್ಲಿ ಕಾಣುತ್ತದೆ. ಎರಡನೆಯದರಲ್ಲಿ ಶೈಲಿಗಳ ಬೆರಕೆ ತನ್ನ ತುದಿ ಮುಟ್ಟಿದೆ.

ಬಾಯಲ್ಲಿ ಉಳಿಯುವ ಆ ಸಾಲನ್ನು ಹುಕ್ ಎನ್ನುತ್ತಾರೆ. ಹುಕ್ಕನ್ನೇ ನೆಚ್ಚಿ ಕಟ್ಟಿದ ಹಾಡುಗಳಿಗೆ ಕೊರಿಯಾದಲ್ಲಿ ‘ಹುಕ್ ಸಾಂಗ್’ ಎಂಬ ಹೆಸರೇ ಇದೆ. 2007ರಲ್ಲಿ ವಂಡರ್ ಗರ್ಲ್ಸ್ ತಂಡದ ‘ಟೆಲ್ ಮಿ’ ಈ ಬಗೆಯನ್ನು ಜನಪ್ರಿಯಗೊಳಿಸಿತು, ‘ಜೀ’ ಅದನ್ನು ಶಿಖರಕ್ಕೇರಿಸಿತು. ಕೆಬಿಎಸ್ ವಾಹಿನಿಯ ಮ್ಯೂಸಿಕ್ ಬ್ಯಾಂಕ್ ಕಾರ್ಯಕ್ರಮದಲ್ಲಿ ‘ಜೀ’ ಸತತ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಈ ಹಾಡು ಕೇಳುಗರನ್ನು ಕಾಯಿಸುವುದಿಲ್ಲ. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲಿಗೇ ಬರುವಂತೆ, ಕೆಲವು ಕ್ಷಣಗಳ ಪೀಠಿಕೆಯ ನಂತರ ಇಲ್ಲಿ ಕೋರಸ್ ನೇರವಾಗಿ ತೆರೆದುಕೊಳ್ಳುತ್ತದೆ. ಅದರಲ್ಲಿ ಮೊದಲು ‘ತುಂಬಾ’ ಎಂಬರ್ಥದ ಕೊರಿಯನ್ ಪದ ಎರಡು ಸಲ, ಬಳಿಕ ‘ಕಣ್ಣು’ ಎಂಬರ್ಥದ ಪದ ಎರಡು ಸಲ, ಕೊನೆಗೆ ‘ಜೀ’ ಎಂಬ ಉದ್ಗಾರ ನಾಲ್ಕು ಸಲ ಬರುತ್ತದೆ. ಕೊರಿಯನ್ ಭಾಷೆಯ ಒಂದಕ್ಷರವೂ ತಿಳಿಯದವರಿಗೆ ಕೂಡ ಈ ಜೋಡಿಗಳು ಕಿವಿಗೆ ಸಿಗುತ್ತವೆ, ಏಕೆಂದರೆ ಅಲ್ಲಿ ನೆನಪಿಡಬೇಕಾದದ್ದು ಅರ್ಥವಲ್ಲ, ಒಂದು ಚಿಕ್ಕ ಉಚ್ಚಾರ ಮತ್ತು ಅದು ತಾಳದಲ್ಲಿ ಬೀಳುವ ಜಾಗ. ಬೇಗ ಬೇಗ, ಬಿಸಿ ಬಿಸಿ ಎಂದು ದಿನವೂ ಮಾತನಾಡುವ ನಮಗೆ ಇಂಥ ದ್ವಿರುಕ್ತಿಯ ರುಚಿಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಹುಕ್ ಕಿವಿಗಷ್ಟೇ ಸೇರಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಹೊರಗಿನಿಂದ ಬಂದ ಕೇಳುಗರು ತಪ್ಪಿಸಿಕೊಳ್ಳುವುದು ಇದನ್ನೇ. ಹುಕ್ ಬರುವ ಜಾಗಕ್ಕೆ ಸುಲಭವಾಗಿ ಅನುಕರಿಸಬಹುದಾದ ಒಂದು ಭಂಗಿಯನ್ನು ಜೋಡಿಸುತ್ತಾರೆ, ಅದಕ್ಕೆ ‘ಪಾಯಿಂಟ್’ ನೃತ್ಯ ಎಂದು ಹೆಸರು. ‘ಜೀ’ ಹಾಡಿನಲ್ಲಿ ಅದು ಮಂಡಿ ಬಾಗಿಸಿ ಅಡ್ಡಡ್ಡ ಸರಿಯುವ ಹೆಜ್ಜೆ, ಜನ ಅದನ್ನು ಏಡಿ ಕುಣಿತವೆಂದೇ ಕರೆದರು. ಉಚ್ಚಾರ, ತಾಳದ ಜಾಗ, ಭಂಗಿ ಈ ಮೂರೂ ಒಂದೇ ಕ್ಷಣದಲ್ಲಿ ಸೇರಿದಾಗ ಆ ಸಾಲು ಬಾಯಿಗೂ ಮೈಗೂ ಒಟ್ಟಿಗೆ ಅಂಟಿಕೊಳ್ಳುತ್ತದೆ.

ಇನ್ನು ಬೆರಕೆಯ ವಿಷಯ. ‘ಐ ಗಾಟ್ ಎ ಬಾಯ್’ ಸುಮಾರು ನಾಲ್ಕೂವರೆ ನಿಮಿಷದ ಹಾಡು. ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಬಡಿತಗಳ ನಿಧಾನದ ಹಿಪ್-ಹಾಪ್ ನಡೆಯಲ್ಲಿ, ಗೆಳತಿಯರು ಇನ್ನೊಬ್ಬ ಹುಡುಗಿಯ ಬಗ್ಗೆ ಪಿಸುಗುಡುವ ಧಾಟಿಯ ರ‍್ಯಾಪ್‌ನೊಂದಿಗೆ ಅದು ಆರಂಭವಾಗುತ್ತದೆ. ಒಂದು ನಿಮಿಷ ದಾಟಿದ ಮೇಲೆ ಗಾಯಕಿಯೊಬ್ಬಳು ನಿಲ್ಲಿ ಎಂದು ಕೂಗಿ, ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತೇನೆ ಎನ್ನುತ್ತಾಳೆ. ಅಲ್ಲಿಂದ ವೇಗ ಏರಿ, ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಮೇಲೆ ಹಾಡಿನ ಹೆಸರೇ ಹುಕ್ ಆಗಿರುವ ಕೋರಸ್ ಬರುತ್ತದೆ. ಅದರ ಬೆನ್ನಿಗೆ ರಾಜಕುಮಾರನನ್ನು ಕನವರಿಸುವ ಮೃದುವಾದ ಭಾಗ, ಮತ್ತೆ ರ‍್ಯಾಪ್, ಮುಂದೆ ನಿಧಾನವಾಗಿ ಹಾಡುವ ಆರ್&ಬಿ ಶೈಲಿಯ ಭಾಗ ಬಂದು ಹೋಗುತ್ತವೆ. ಆಮೇಲೆ ಗಾಯಕಿಯರು ನಿಲ್ಲಿಸಬೇಡಿ, ಮತ್ತೆ 140ಕ್ಕೆ ಹೋಗೋಣ ಎಂದು ಹಾಡಿನೊಳಗೇ ವೇಗವನ್ನು ಅಂಕಿಯಲ್ಲಿ ಘೋಷಿಸುತ್ತಾರೆ. ಆ 140 ಎಂದರೆ ನಿಮಿಷಕ್ಕೆ 140 ಬಡಿತಗಳು.

ಈ ಎರಡು ಘೋಷಣೆಗಳನ್ನು ನಾನು ಬಹಳ ಮೆಚ್ಚುತ್ತೇನೆ. ಬಟ್ಟೆಗೆ ತೇಪೆ ಹಾಕುವವರು ಹೊಲಿಗೆಯನ್ನು ಮರೆಮಾಡಲು ನೋಡುತ್ತಾರೆ, ಇಲ್ಲಿಯಾದರೋ ರಚನಕಾರರು ಹೊಲಿಗೆಯನ್ನೇ ಎದ್ದು ಕಾಣುವ ದಾರದಿಂದ ಹಾಕಿದ್ದಾರೆ. ಬದಲಾವಣೆ ಬರಲಿದೆ ಎಂದು ಮೊದಲೇ ಹೇಳಿದಾಗ ಕೇಳುಗರು ಗಲಿಬಿಲಿಗೊಳ್ಳುವ ಬದಲು ಅದಕ್ಕಾಗಿ ಕಾಯತೊಡಗುತ್ತಾರೆ. ಅಲೆದಾಟವೆಲ್ಲ ಮುಗಿದ ಮೇಲೆ ಅದೇ ಹುಕ್ ಹಿಂತಿರುಗುವುದರಿಂದ, ಇದುವರೆಗೆ ಕೇಳಿದ್ದು ಒಂದೇ ಹಾಡು ಎಂಬ ಭಾವ ಗಟ್ಟಿಯಾಗುತ್ತದೆ.

ಹಾಡು ಕ್ಷಣಕ್ಷಣಕ್ಕೂ ಬದಲಾಗುತ್ತದೆ ಎಂದು ನಿಮಗೆ ಅನ್ನಿಸಿದರೂ ಬದಲಾವಣೆಗಳು ಮನಬಂದಲ್ಲಿ ಬರುವುದಿಲ್ಲ. ನಾಲ್ಕು ಬಡಿತಗಳಿಗೆ ಒಂದು ಬಾರ್. ನಮ್ಮ ತಾಳದ ಆವರ್ತದಂತೆ ಇದು ಮರಳಿ ಮರಳಿ ಬರುವ ಅಳತೆ. ಹೆಚ್ಚಿನ ಭಾಗಗಳು ಎಂಟು ಬಾರ್‌ಗಳದ್ದೋ ಅದರ ದುಪ್ಪಟ್ಟಿನದ್ದೋ ಆಗಿರುತ್ತವೆ. ನಿಮಿಷಕ್ಕೆ 100 ಬಡಿತಗಳಿರುವ ಹಾಡಿನಲ್ಲಿ ಎಂಟು ಬಾರ್‌ಗಳಿಗೆ ಸುಮಾರು 19 ಸೆಕೆಂಡ್ ಬೇಕು, 140ರಲ್ಲಿ 14 ಸೆಕೆಂಡ್ ಸಾಕು. ಕಥೆ ಹೇಳುವ ವರ್ಸ್, ಒತ್ತಡ ಏರಿಸುವ ಪ್ರೀ-ಕೋರಸ್, ಹುಕ್ ಇರುವ ಕೋರಸ್, ನಡುವೆ ರ‍್ಯಾಪ್, ಎರಡನೆಯ ಕೋರಸ್ಸಿನ ನಂತರ ಧಾಟಿ ಬದಲಿಸುವ ಬ್ರಿಡ್ಜ್ ಅಥವಾ ಹಾಡನ್ನೇ ನಿಲ್ಲಿಸಿ ಕುಣಿಯುವ ಡ್ಯಾನ್ಸ್ ಬ್ರೇಕ್, ಕೊನೆಗೆ ಮತ್ತೆ ಕೋರಸ್ ಎಂಬ ಚೌಕಟ್ಟು ಪಾಶ್ಚಾತ್ಯ ಪಾಪ್ ಸಂಗೀತದಿಂದ ಬಂದದ್ದು. ಕೊರಿಯಾದವರು ಮಾಡಿದ್ದೇನೆಂದರೆ, ಈ ಮನೆಯ ಒಂದೊಂದು ಕೋಣೆಗೆ ಒಂದೊಂದು ಬಣ್ಣ ಬಳಿದದ್ದು.

ಹೀಗೆ ಮಾಡಲು ಕಾರಣಗಳಿವೆ. 1992ರಲ್ಲಿ ಸೊ ತೈಜಿ ಅಂಡ್ ಬಾಯ್ಸ್ ತಂಡ ಕೊರಿಯನ್ ಭಾಷೆಯ ರ‍್ಯಾಪ್, ಕುಣಿತದ ತಾಳ ಮತ್ತು ಹೆವಿ ಮೆಟಲ್ ಗಿಟಾರ್‌ಗಳನ್ನು ಒಂದೇ ಹಾಡಿನಲ್ಲಿ ತಂದು ದೂರದರ್ಶನದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಿಂದ ಅತಿ ಕಡಿಮೆ ಅಂಕ ಪಡೆಯಿತು, ಆದರೆ ಯುವಜನರು ಆ ಹಾಡನ್ನು ತಲೆಯ ಮೇಲೆ ಹೊತ್ತರು. ಬೆರಕೆಯ ರುಚಿ ಅಲ್ಲಿಂದಲೇ ಬಂತು. ತಂಡದ ಸ್ವರೂಪವೂ ಅದನ್ನೇ ಬೇಡುತ್ತದೆ. ಐದರಿಂದ ಒಂಬತ್ತು ಮಂದಿಯ ತಂಡದಲ್ಲಿ ಕೆಲವರು ರ‍್ಯಾಪ್ ಮಾಡುವವರು, ಕೆಲವರು ಎತ್ತರದ ಸ್ವರ ಹಿಡಿಯುವವರು, ಕೆಲವರು ನೃತ್ಯದಲ್ಲಿ ಮುಂದಿರುವವರು. ಪ್ರತಿಯೊಬ್ಬರಿಗೂ ಕೆಲವು ಸೆಕೆಂಡುಗಳ ಕಾಲ ವೇದಿಕೆಯ ನಡುವೆ ನಿಲ್ಲುವ ಅವಕಾಶ ಸಿಗಬೇಕು, ಆ ಸೆಕೆಂಡುಗಳು ಅವರವರ ಬಲಕ್ಕೆ ಒಪ್ಪಬೇಕು. ರಚನೆಯ ವಿಧಾನವೂ ಇದಕ್ಕೆ ಹೊಂದಿಕೊಂಡಿದೆ. ಒಬ್ಬರು ವಾದ್ಯಗಳ ಹಂದರ ಸಿದ್ಧಪಡಿಸುತ್ತಾರೆ, ಬೇರೊಬ್ಬರು ಅದರ ಮೇಲೆ ಹಾಡುವ ಧಾಟಿಯನ್ನು ಕಟ್ಟುತ್ತಾರೆ, ಕೊರಿಯನ್ ಸಾಹಿತ್ಯವನ್ನು ಮತ್ತೊಬ್ಬರು ಕೊನೆಯಲ್ಲಿ ಬರೆಯುತ್ತಾರೆ. ‘ಐ ಗಾಟ್ ಎ ಬಾಯ್’ ಹಾಡಿನಲ್ಲಿಯೂ ಈ ತಂಡವನ್ನು ಕಟ್ಟಿದ ಎಸ್‌ಎಂ ಸಂಸ್ಥೆಯ ರಚನಕಾರ ಯೂ ಯಂಗ್-ಜಿನ್ ಅವರ ಜೊತೆಗೆ ಯುರೋಪಿನ ರಚನಕಾರರು ದುಡಿದಿದ್ದಾರೆ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ತಿದ್ದಬೇಕು. ಎಲ್ಲ ಕೆ-ಪಾಪ್ ಹಾಡುಗಳಲ್ಲೂ ವೇಗ ನಿಜವಾಗಿ ಬದಲಾಗುವುದಿಲ್ಲ, ಈ ವಿಷಯದಲ್ಲಿ ‘ಐ ಗಾಟ್ ಎ ಬಾಯ್’ ಅಪವಾದವೇ ಸರಿ. ಹೆಚ್ಚಿನ ಹಾಡುಗಳಲ್ಲಿ ಡ್ರಮ್ ಹೊಡೆತಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ನಿಧಾನವಾದ ಭ್ರಮೆಯನ್ನು ಹುಟ್ಟಿಸುತ್ತಾರೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಹಾಡಿನ ಆರಂಭದಿಂದಲೇ ಮೇಜಿನ ಮೇಲೆ ಬೆರಳಿನಿಂದ ಬಡಿತ ಹಾಕುತ್ತ ಬನ್ನಿ; ಶೈಲಿ ಬದಲಾದ ಮೇಲೂ ನಿಮ್ಮ ಬೆರಳು ಹಾಡಿನೊಂದಿಗೆ ಸರಿಯಾಗಿ ಕೂಡುತ್ತಿದ್ದರೆ ವೇಗ ಬದಲಾಗಿಲ್ಲ, ಮೇಲಿನ ಉಡುಪು ಮಾತ್ರ ಬದಲಾಗಿದೆ. ನಮ್ಮ ರಾಗಮಾಲಿಕೆಯಲ್ಲಿ ರಾಗಗಳು ಒಂದಾದ ಮೇಲೊಂದು ಬದಲಾದರೂ ತಾಳ ಒಂದೇ ಆಗಿ ಉಳಿದು ಕೃತಿಯನ್ನು ಹಿಡಿದಿಡುವುದನ್ನು ಬಲ್ಲವರಿಗೆ ಈ ಉಪಾಯ ಹೊಸದೆನಿಸದು.

ಬೆರಕೆ ಎಲ್ಲ ಸಲವೂ ಗೆಲ್ಲುವುದಿಲ್ಲ. 2022ರ ಫೆಬ್ರವರಿಯಲ್ಲಿ ಎನ್‌ಮಿಕ್ಸ್ ತಂಡ ‘ಓ.ಓ’ ಎಂಬ ಮೊದಲ ಹಾಡಿನಲ್ಲಿ ಬ್ರೆಜಿಲ್‌ನ ಬೈಲೆ ಫಂಕ್ ತಾಳವನ್ನೂ ಹರೆಯದವರ ಪಾಪ್ ರಾಕ್ ಶೈಲಿಯನ್ನೂ ಜೋಡಿಸಿದಾಗ ಅಭಿಮಾನಿಗಳಲ್ಲೇ ಎರಡು ಪಕ್ಷಗಳಾದವು. ನನ್ನ ಕಿವಿಗೆ ಅಲ್ಲಿನ ಎರಡೂ ಭಾಗಗಳು ಬೇರೆಬೇರೆಯಾಗಿ ಚೆನ್ನಾಗಿವೆ, ಆದರೆ ಒಂದರ ಹುಕ್ ಇನ್ನೊಂದಕ್ಕೆ ಆಸರೆಯಾಗುವುದಿಲ್ಲ. ಇದರ ಪಕ್ಕದಲ್ಲಿ ಎಸ್ಪಾ ತಂಡ 2021ರ ಮೇ ತಿಂಗಳಲ್ಲಿ ತಂದ ‘ನೆಕ್ಸ್ಟ್ ಲೆವೆಲ್’ ಹಾಡನ್ನು ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಅದು ಒಂದು ಇಂಗ್ಲಿಷ್ ಚಿತ್ರಗೀತೆಯ ಮರುರಚನೆ. ಹುಕ್ ಸಾಲಿನಿಂದಲೇ ಅದು ಆರಂಭವಾಗುತ್ತದೆ, ಕೆಳಗೆ ಬೇಸ್ ಮತ್ತು ಡ್ರಮ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಆ ಸಾಲಿಗೆ ಕೊರಿಯನ್ ಲಿಪಿಯ ㄷ ಅಕ್ಷರದ ಆಕಾರದಲ್ಲಿ ತೋಳನ್ನು ಮಡಚುವ ಭಂಗಿಯನ್ನು ಕೊಟ್ಟಿದ್ದಾರೆ. ನಡುವೆ ಹಾಡು ಪೂರ್ತಿ ದಿಕ್ಕು ಬದಲಿಸಿ ಮೂಲದಲ್ಲಿಲ್ಲದ ಆರ್&ಬಿ ಭಾಗವೊಂದಕ್ಕೆ ಹೊರಳುತ್ತದೆ. ಹಾಗೆ ಹೊರಳುವ ಮೊದಲೇ ಹುಕ್ ನಮ್ಮಲ್ಲಿ ಬೇರೂರಿರುವುದರಿಂದ ದಾರಿ ತಪ್ಪಿದಂತೆ ಅನ್ನಿಸುವುದಿಲ್ಲ, ಮತ್ತು ಅದು ಮರಳಿ ಬಂದಾಗ ನೋಡುಗರ ತೋಳು ತಾನಾಗಿ ಮಡಚಿಕೊಳ್ಳುತ್ತದೆ.

ನಿಮ್ಮ ಮಗಳು ಇತ್ತೀಚಿನ ಹಾಡುಗಳನ್ನು ಕೇಳುತ್ತಿದ್ದರೆ ಅವುಗಳಲ್ಲಿ ಇಂಥ ತಿರುವುಗಳು ವಿರಳವಾಗಿರಲೂಬಹುದು. ನ್ಯೂಜೀನ್ಸ್ ತಂಡದ 2023ರ ‘ಸೂಪರ್ ಶೈ’ ಎರಡೂವರೆ ನಿಮಿಷದಷ್ಟೇ ಇದೆ. ಅಲ್ಲಿಯೂ ಕುಣಿತದ ಸಂಗೀತದ ಒಂದಕ್ಕಿಂತ ಹೆಚ್ಚು ಬಗೆಗಳು ಬೆರೆತಿವೆ, ಆದರೆ ಒಂದಾದ ಮೇಲೊಂದು ಬರುವ ಬದಲು ಒಂದರ ಮೇಲೊಂದು ಹಾಸಿಕೊಂಡಿರುವುದರಿಂದ ಹೊಲಿಗೆ ಎಲ್ಲೂ ಕಾಣಿಸುವುದಿಲ್ಲ. ಎತ್ತರದ ಕೂಗಿಲ್ಲದೆ, ಮಾತಿನಷ್ಟೇ ಮೆಲುವಾದ ದನಿಯಲ್ಲಿ ಆ ಹಾಡು ತನ್ನ ಹುಕ್ಕಿನಿಂದಲೇ ಆರಂಭವಾಗುತ್ತದೆ. ‘ಜೀ’ ಹಾಡಿನಲ್ಲಿದ್ದಂತೆ ಅಲ್ಲಿಯೂ ಎರಡು ಚಿಕ್ಕ ಪದಗಳು ಬೆನ್ನುಬೆನ್ನಿಗೆ ಎರಡು ಸಲ ಬರುತ್ತವೆ.